ಗಂಟಲು ನೋವಿಗೆ ಸ್ವಾಬ್ ಪರೀಕ್ಷೆ ಬೇಕೇ, ನೇರವಾಗಿ ಗುಳಿಗೆ ಕೊಟ್ಟರೆ ಸಾಲದೇ? (8 ವರ್ಷದ ಮಗಳು, ಗುಳೇದಗುಡ್ಡ)

ಖಣದಂಚು · ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಮಗಳಿಗೆ 8 ವರ್ಷ, ತೂಕ 22 ಕೆ.ಜಿ. ಶನಿವಾರ ಮಧ್ಯಾಹ್ನ ಶಾಲೆಯಿಂದ ಬಂದವಳೇ ಪಾಟಿಚೀಲ ಬಿಸಾಡಿ ಮಗ್ಗದ ಪಕ್ಕದ ಚಾಪೆಯ ಮೇಲೆ ಮಲಗಿಬಿಟ್ಟಳು. ಸಂಜೆಗೆ ಜ್ವರ 102. ಉಗುಳು ನುಂಗಬೇಕಾದರೂ ಮುಖ ಕಿವುಚುತ್ತಾಳೆ. ಅಮೀನಗಡದ ಕರದಂಟು ಡಬ್ಬಿಯಲ್ಲಿದ್ದರೆ ಬಿಡುವವಳೇ ಅಲ್ಲ, ನಿನ್ನೆಯಿಂದ ಅದರ ಕಡೆ ತಿರುಗಿಯೂ ನೋಡಿಲ್ಲ.

ಇವತ್ತು ಊರಿನ ಡಾಕ್ಟರು ಬ್ಯಾಟರಿ ಹಾಕಿ ಗಂಟಲು ನೋಡಿ, ಅಜಿಥ್ರೋಮೈಸಿನ್ ಮೂರು ದಿನಕ್ಕೆ ಬರೆದುಕೊಟ್ಟರು. ನನ್ನ ಅಣ್ಣ ಬಾಗಲಕೋಟೆಯಲ್ಲಿ ತನಗೆ ಪರಿಚಯವಿರುವ ಮಕ್ಕಳ ಡಾಕ್ಟರಿಗೆ ಫೋನ್ ಮಾಡಿದ. ಅವರು "ಗುಳಿಗೆ ಕೊಡುವ ಮೊದಲೇ ಗಂಟಲಿನ ಸ್ವಾಬ್ ಮಾಡಿಸಿ" ಎಂದರಂತೆ. ಗುಳಿಗೆ ಕಪಾಟಿನಲ್ಲಿದೆ, ಇನ್ನೂ ಒಡೆದಿಲ್ಲ.

ಅತ್ತೆಯವರಿಗೆ ಬೇರೆಯೇ ದಿಗಿಲು. ನನ್ನ ನಾದಿನಿಗೆ ಚಿಕ್ಕಂದಿನಲ್ಲಿ ಕೀಲು ಬಾವು ಬಂದು, 24ನೇ ವಯಸ್ಸಿಗೆ ಹೃದಯದ ಕವಾಟ ಬದಲಿಸಬೇಕಾಯಿತು. "ಅವಳಿಗೂ ಗಂಟಲಿನಿಂದಲೇ ಶುರುವಾಗಿತ್ತು" ಎಂದು ಎರಡು ದಿನದಿಂದ ಕುಳಿತಲ್ಲಿ ಕುಳಿತಿಲ್ಲ. ನಾಳೆ ಒಂದು ದಿನದ ಕೂಲಿ ಬಿಟ್ಟು ಬಾಗಲಕೋಟೆಗೆ ಹೋಗಬೇಕೇ, ಇಲ್ಲಿಯೇ ಗುಳಿಗೆ ಶುರು ಮಾಡಲೇ?

ಬಾದಾಮಿ ಬಸವ · ರಾತ್ರಿ 9:52

ಉಪ್ಪುನೀರು ಮುಕ್ಕಳಿಸಲಿ, ಅರಿಶಿನ ಹಾಲು ಕುಡಿಯಲಿ. ಶಾಲೆಯ ಮುಂದಿನ ಐಸ್‌ಕ್ಯಾಂಡಿ ಬಂಡಿ ಎತ್ತಿಸಿದರೆ ಅರ್ಧ ಬಾಗಲಕೋಟೆ ಜಿಲ್ಲೆಯ ಗಂಟಲು ನೋವು ಹೋಗುತ್ತದೆ.

ನವನಗರ ಮೆಡಿಕಲ್ · ರಾತ್ರಿ 10:05

ಅಕ್ಕ, ನಾನು ಹದಿನೈದು ವರ್ಷದಿಂದ ಔಷಧ ಅಂಗಡಿಯಲ್ಲಿದ್ದೇನೆ. ಇದಕ್ಕೆ ಒಂದು ಅಂಕಪಟ್ಟಿ ಇದೆ, ಸೆಂಟರ್ ಸ್ಕೋರ್ ಎನ್ನುತ್ತಾರೆ. ಜ್ವರಕ್ಕೆ 1, ಕೆಮ್ಮು ಇಲ್ಲದಿದ್ದರೆ 1, ಟಾನ್ಸಿಲ್ ಮೇಲೆ ಬಿಳಿ ಕೀವು ಇದ್ದರೆ 1, ಕುತ್ತಿಗೆಯಲ್ಲಿ ಗಂಟು ಇದ್ದರೆ 1. ಚಿಕ್ಕ ಮಕ್ಕಳಾದರೆ ಇನ್ನೊಂದು. ನಿಮ್ಮ ಮಗಳಿಗೆ ಎಷ್ಟಾಯಿತು ನೋಡಿ. ನಾಲ್ಕು ದಾಟಿತೆಂದರೆ ಅದು ಸ್ಟ್ರೆಪ್ ಎಂಬ ಬ್ಯಾಕ್ಟೀರಿಯಾ ಎಂದೇ ಅರ್ಥ. ಮತ್ತೆ ಸ್ವಾಬ್ ಏಕೆ, ಬಸ್ಸಿನ ಖರ್ಚೇಕೆ? ಕೈಯಲ್ಲಿರುವ ಗುಳಿಗೆ ಶುರು ಮಾಡಿ.

ಸಂಶಯಪ್ಪ · ರಾತ್ರಿ 10:11

ಲ್ಯಾಬಿನವರಿಗೂ ಹೊಟ್ಟೆ ಇದೆಯಲ್ಲ, ಅದಕ್ಕೇ ಸ್ವಾಬ್.

ಖಣದಂಚು · ರಾತ್ರಿ 10:20

@ನವನಗರ ಮೆಡಿಕಲ್: ಜ್ವರ ಇದೆ, ಕುತ್ತಿಗೆಯಲ್ಲಿ ಗಂಟಿದೆ, ಬಿಳಿ ಚುಕ್ಕೆ ಇದೆ ಎಂದು ಡಾಕ್ಟರೇ ಹೇಳಿದರು, ಕೆಮ್ಮು ಇಲ್ಲ. ಹಾಗಾದರೆ ಐದಕ್ಕೆ ಐದು! ನನ್ನ ಮಗಳು ಗಣಿತದಲ್ಲಿಯೂ ಇಷ್ಟು ತೆಗೆದವಳಲ್ಲ.

ಮಕ್ಕಳ ವೈದ್ಯೆ · ರಾತ್ರಿ 10:48

ನಾನು ಜಿಲ್ಲೆಯಲ್ಲಿಯೇ ಮಕ್ಕಳ ವೈದ್ಯೆ, ಆದರೆ ನಿಮ್ಮ ಅಣ್ಣ ಮಾತಾಡಿಸಿದವಳಲ್ಲ. ಮೊದಲು ಎರಡು ವಿಷಯ ಕೇಳುತ್ತೇನೆ, ಸರಿಯಾಗಿ ನೋಡಿ ಹೇಳಿ.

ಗಂಟು ಕುತ್ತಿಗೆಯ ಮುಂಭಾಗದಲ್ಲಿದೆಯೇ, ಅಂದರೆ ದವಡೆಯ ಮೂಲೆಯ ಕೆಳಗೆ? ಒತ್ತಿದರೆ ನೋಯುತ್ತದೆಯೇ? ಕುತ್ತಿಗೆಯ ಹಿಂದೆ ಸಾಲಾಗಿ ಸಿಗುವ ಗಂಟು ಈ ಲೆಕ್ಕಕ್ಕೆ ಬರುವುದಿಲ್ಲ, ಅದು ಬೇರೆ ವೈರಸ್ ಕಡೆ ಬೆರಳು ತೋರಿಸುತ್ತದೆ. ಎರಡನೆಯದು ಕೆಮ್ಮು. ತಾಯಂದಿರು "ಇಲ್ಲ" ಎನ್ನುತ್ತಾರೆ, ಮಗುವಿನ ಪಕ್ಕದಲ್ಲಿ ಮಲಗುವ ಅಜ್ಜಿಯನ್ನು ಕೇಳಿದರೆ ಉತ್ತರ ಬೇರೆಯಾಗಿರುತ್ತದೆ.

ಈ ಅಂಕಪಟ್ಟಿ ಹುಟ್ಟಿದ್ದು 1981ರಲ್ಲಿ, ಅಮೆರಿಕದ ವರ್ಜೀನಿಯಾದಲ್ಲಿ. ರಾಬರ್ಟ್ ಸೆಂಟರ್ ಮತ್ತು ಅವರ ಜೊತೆಯವರು ತುರ್ತು ಚಿಕಿತ್ಸೆಗೆ ಬಂದ ವಯಸ್ಕರನ್ನು ನೋಡಿ ಮಾಡಿದ್ದು. ಮಕ್ಕಳಿಗೆ ಒಂದು ಅಂಕ ಕೂಡಿಸಿ, 45 ದಾಟಿದವರಿಗೆ ಒಂದು ಕಳೆಯುವ ಪದ್ಧತಿಯನ್ನು 1998ರಲ್ಲಿ ಕೆನಡಾದ ಮ್ಯಾಕ್‌ಐಸಾಕ್ ತಂದರು. ಇದರಲ್ಲಿ ನಾಲ್ಕು, ಐದು ಅಂಕ ಬಂದವರ ಗಂಟಲಿನಿಂದ ಕಲ್ಚರ್ ಮಾಡಿ, ಅಂದರೆ ರೋಗಾಣು ಬೆಳೆಸಿ ನೋಡಿದರೂ ಸ್ಟ್ರೆಪ್ ಸಿಗುವುದು ಹೆಚ್ಚುಕಡಿಮೆ ಅರ್ಧದಷ್ಟು ಜನರಲ್ಲಿ. ಮೂರು ಅಂಕದವರಲ್ಲಿ ಮೂವರಲ್ಲಿ ಒಬ್ಬರು. ಸೊನ್ನೆ, ಒಂದು ಬಂದವರಲ್ಲಿ ಹತ್ತರಲ್ಲಿ ಒಬ್ಬರೂ ಸಿಗುವುದು ಕಷ್ಟ. ಮೆಡಿಕಲ್‌ನವರು ಹೇಳಿದ ಅಂಶಗಳೆಲ್ಲ ಸರಿಯಾಗಿವೆ. "ನಾಲ್ಕು ದಾಟಿದರೆ ಸ್ಟ್ರೆಪ್ ಎಂದೇ ಅರ್ಥ" ಎನ್ನುವುದು ಮಾತ್ರ ತಪ್ಪು. ಯಾರಿಗೆ ಸ್ವಾಬ್ ಮಾಡುವುದೇ ದಂಡ ಎಂದು ತಿಳಿಯುವುದರಲ್ಲಿ ಈ ಪಟ್ಟಿ ಗಟ್ಟಿ. ಯಾರಿಗೆ ಸ್ಟ್ರೆಪ್ ಇದೆ ಎಂದು ಹೇಳುವ ಶಕ್ತಿ ಅದಕ್ಕಿಲ್ಲ.

ಇನ್ನೊಂದು ಮಾತು, ಸ್ಕೋರಿಗಿಂತ ಮುಂಚಿನದು. ಬಿಳಿ ಚುಕ್ಕೆಯ ಬದಲು ಬೂದು ಬಣ್ಣದ ಪೊರೆ ಅಂಟಿಕೊಂಡಿದ್ದರೆ, ಕುತ್ತಿಗೆ ದಪ್ಪಗೆ ಊದಿದ್ದರೆ, ಜೊಲ್ಲು ಸುರಿಯುತ್ತಿದ್ದರೆ ಈ ಚರ್ಚೆ ಬಿಟ್ಟು ಈಗಲೇ ದೊಡ್ಡ ಆಸ್ಪತ್ರೆಗೆ ಹೊರಡಿ. ಗಂಟಲುಮಾರಿ ನಮ್ಮ ಭಾಗದಿಂದ ಪೂರ್ತಿ ತೊಲಗಿಲ್ಲ.

ಖಣದಂಚು · ರಾತ್ರಿ 11:02

ಪೊರೆ ಇಲ್ಲ, ಮತ್ತೊಮ್ಮೆ ಬ್ಯಾಟರಿ ಹಾಕಿ ನೋಡಿದೆ. ಕೆಂಪಗೆ ಊದಿದೆ, ಅದರ ಮೇಲೆ ಗಸಗಸೆಗಿಂತ ಸ್ವಲ್ಪ ದೊಡ್ಡ ಬಿಳಿ ಚುಕ್ಕೆಗಳು. ಗಂಟು ದವಡೆಯ ಕೆಳಗೇ ಇದೆ, ಮುಟ್ಟಿದರೆ ಕೈ ತಳ್ಳುತ್ತಾಳೆ. ಅತ್ತೆಯವರನ್ನು ಎಬ್ಬಿಸಿ ಕೇಳಿದೆ. "ರಾತ್ರಿ ಎರಡು ಸಲ ಕೆಮ್ಮಿದಳಲ್ಲ" ಎಂದರು. ನೀವು ಹೇಳಿದ ಹಾಗೆಯೇ ಆಯಿತು, ಡಾಕ್ಟರ್.

ಮಕ್ಕಳ ವೈದ್ಯೆ · ರಾತ್ರಿ 11:10

ಎರಡು ಸಲ ಕೆಮ್ಮಿದ್ದನ್ನು ಲೆಕ್ಕಕ್ಕೆ ಹಿಡಿದರೆ ನಾಲ್ಕು, ಬಿಟ್ಟರೆ ಐದು. ಮೂಗು ಸೋರುವುದು, ಧ್ವನಿ ಒಡೆಯುವುದು, ಬಾಯಿಹುಣ್ಣು ಇದ್ದಿದ್ದರೆ ವೈರಸ್ ಎಂದು ಸುಮ್ಮನಿರಬಹುದಿತ್ತು. ಅವೂ ಇಲ್ಲ. ಎರಡು ಲೆಕ್ಕದಲ್ಲಿಯೂ ಉತ್ತರ ಒಂದೇ: ಸ್ವಾಬ್ ಮಾಡಿಸಿ. ಅದೂ ಗುಳಿಗೆ ಹೊಟ್ಟೆಗೆ ಹೋಗುವ ಮೊದಲು. ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಡಿ, ಅದರಿಂದ ಪರೀಕ್ಷೆಗೆ ಅಡ್ಡಿಯಿಲ್ಲ.

ಮುಧೋಳ ಮೇಷ್ಟ್ರು · ಮಂಗಳವಾರ, ಬೆಳಿಗ್ಗೆ 6:30

ನನಗೆ 52. ವಾರದಿಂದ ಗಂಟಲು ಕೆರೆತ, ಕೆಮ್ಮು, ಪಾಠ ಮಾಡಿ ಮಾಡಿ ಧ್ವನಿ ಕೂತಿದೆ. ಜ್ವರ ಇಲ್ಲ. ಅಂಗಡಿಯವರು ಅಜಿಥ್ರೋಮೈಸಿನ್ ಕೊಟ್ಟರು, ಎರಡು ನುಂಗಿದ್ದೇನೆ. ಈ ಪಟ್ಟಿಯಲ್ಲಿ ನನಗೆಷ್ಟು ಅಂಕ?

ಲ್ಯಾಬ್ ಕಾಕಾ · ಬೆಳಿಗ್ಗೆ 7:05

ಮೇಷ್ಟ್ರೇ, ಜ್ವರ ಸೊನ್ನೆ, ಕೆಮ್ಮಿಗೆ ಸೊನ್ನೆ, ವಯಸ್ಸಿಗೆ ಒಂದು ಕಳೆದರೆ ಮೈನಸ್ ಒಂದು. ಮೂವತ್ತು ವರ್ಷ ಮಕ್ಕಳಿಗೆ ಅಂಕ ಕತ್ತರಿಸಿದ್ದಕ್ಕೆ ದೇವರು ಲೆಕ್ಕ ಚುಕ್ತಾ ಮಾಡಿದ.

ಮುಧೋಳ ಮೇಷ್ಟ್ರು · ಬೆಳಿಗ್ಗೆ 7:09

ಅನುತ್ತೀರ್ಣನಾಗಿ ಇಷ್ಟು ಸಂತೋಷವಾದದ್ದು ಇದೇ ಮೊದಲು.

ಲ್ಯಾಬ್ ಕಾಕಾ · ಬೆಳಿಗ್ಗೆ 7:31

ತಂಗಿ, ಸ್ವಾಬ್ ಮಾಡಿಸುತ್ತಿದ್ದರೆ ನನ್ನ ಕಡೆಯಿಂದ ಎರಡು ಮಾತು. ಹತ್ತಿಯ ಕಡ್ಡಿಯನ್ನು ಎರಡೂ ಟಾನ್ಸಿಲ್ ಮೇಲೆ, ಅವುಗಳ ಹಿಂದಿನ ಗೋಡೆಯ ಮೇಲೆ ಒತ್ತಿ ಉಜ್ಜಬೇಕು. ಮಗು ಓಕರಿಸುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಓಕರಿಕೆಯೇ ಬರಲಿಲ್ಲ ಎಂದರೆ ಕಡ್ಡಿ ನಾಲಿಗೆಯನ್ನೋ ಕೆನ್ನೆಯನ್ನೋ ಮುಟ್ಟಿ ವಾಪಸ್ ಬಂದಿದೆ ಎಂದು ತಿಳಿಯಿರಿ. ಅಂಥ ಸ್ವಾಬ್ ನೆಗೆಟಿವ್ ಬಂದರೆ ಅದಕ್ಕೆ ಕಾಸಿನ ಬೆಲೆಯಿಲ್ಲ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಣೆ ಹಿಡಿಯಿರಿ, ಕೈಯನ್ನು ಇನ್ನೊಬ್ಬರು ಹಿಡಿಯಲಿ.

ಎರಡನೆಯದು, ಯಾವ ಪರೀಕ್ಷೆ ಎಂದು ಕೇಳಿ. ರ‍್ಯಾಪಿಡ್ ಕಿಟ್ ಇದ್ದರೆ ಹತ್ತು ನಿಮಿಷದಲ್ಲಿ ಗೆರೆ ಕಾಣುತ್ತದೆ. ಕಲ್ಚರ್ ಆದರೆ ಒಂದೆರಡು ದಿನ. ಕಲ್ಚರ್ ಎಂದರೆ ಕುರಿಯ ರಕ್ತ ಬೆರೆಸಿದ ಅಗಾರ್ ತಟ್ಟೆಯ ಮೇಲೆ ಸ್ವಾಬ್ ಎಳೆದು ಬೆಚ್ಚಗಿಡುವುದು. ಸ್ಟ್ರೆಪ್ ಇದ್ದರೆ ಮರುದಿನ ಸಣ್ಣ ಚುಕ್ಕೆಗಳ ಸುತ್ತ ಕೆಂಪು ಕರಗಿ, ಗಾಜಿನ ಹಾಗೆ ತಿಳಿಯಾದ ಉಂಗುರ ಕಾಣುತ್ತದೆ. ಕೆಲವು ಸಣ್ಣ ಲ್ಯಾಬುಗಳು ಕುರಿಯ ರಕ್ತ ಸಿಗದೆ ರಕ್ತನಿಧಿಯಲ್ಲಿ ಅವಧಿ ಮುಗಿದ ಮನುಷ್ಯರ ರಕ್ತ ಹಾಕುತ್ತವೆ. ಅದರಲ್ಲಿ ದಾನಿಯ ಪ್ರತಿಕಾಯ ಇರಬಹುದು, ನುಂಗಿದ ಔಷಧದ ಅಂಶವೂ ಇರಬಹುದು. ಉಂಗುರ ಸರಿಯಾಗಿ ಮೂಡುವುದೇ ಇಲ್ಲ. ಕುರಿ ಸಂತೆ ನಡೆಯುವ ನಾಡಿನಲ್ಲಿ ಕುರಿಯ ರಕ್ತಕ್ಕೆ ಬರ!

ಸಂಶಯಪ್ಪ · ಬೆಳಿಗ್ಗೆ 8:15

ಇಷ್ಟೆಲ್ಲ ಯಾಕೆ, ಎಎಸ್‌ಒ ಎಂದು ಒಂದು ರಕ್ತ ಪರೀಕ್ಷೆ ಇದೆಯಲ್ಲ. ನನ್ನ ಮಗನಿಗೆ ಕಾಲು ನೋವು ಎಂದು ಮಾಡಿಸಿದ್ದೆವು, 400 ಬಂತು. ಎರಡು ವರ್ಷದಿಂದ 21 ದಿನಕ್ಕೊಮ್ಮೆ ಪೆನಿಸಿಲಿನ್ ಸೂಜಿ ಹಾಕಿಸುತ್ತಿದ್ದೇವೆ. ಒಂದೇ ಪರೀಕ್ಷೆ, ಖಡಾಖಂಡಿತ ಉತ್ತರ.

ಮಕ್ಕಳ ವೈದ್ಯೆ · ಬೆಳಿಗ್ಗೆ 8:50

ಎಎಸ್‌ಒ ಎಂದರೆ ಸ್ಟ್ರೆಪ್ ಬಂದು ಹೋದ ಹೆಜ್ಜೆಗುರುತು. ಸೋಂಕು ತಗುಲಿ ವಾರದ ಮೇಲೆ ಏರಲು ತೊಡಗುತ್ತದೆ, ತುದಿ ಮುಟ್ಟಲು ಮೂರರಿಂದ ಐದು ವಾರ ಬೇಕು. ಮೂರು ದಿನದ ಗಂಟಲು ನೋವಿಗೆ ಅದನ್ನು ಮಾಡಿಸಿ ಪ್ರಯೋಜನವಿಲ್ಲ. ಶಾಲೆಗೆ ಹೋಗುವ ಆರೋಗ್ಯವಂತ ಮಕ್ಕಳಲ್ಲಿಯೂ 200ರ ಗೆರೆ ದಾಟಿರುವುದು ಸಾಮಾನ್ಯ, ಏಕೆಂದರೆ ಹಿಂದೆ ಯಾವಾಗಲೋ ಸ್ಟ್ರೆಪ್ ಬಂದು ಹೋಗಿರುತ್ತದೆ.

ನಿಮ್ಮ ಮಗನ ವಿಷಯದಲ್ಲಿ ಇಲ್ಲಿ ಕುಳಿತು "ಸೂಜಿ ನಿಲ್ಲಿಸಿ" ಎನ್ನಲಾರೆ. ಆದರೆ ಹಳೆಯ ಚೀಟಿಗಳನ್ನು ತೆಗೆದು ನೋಡಿ. ಕೀಲು ನಿಜವಾಗಿ ಬಾತಿತ್ತೇ, ಒಂದರಿಂದ ಇನ್ನೊಂದಕ್ಕೆ ಹಾರಿತ್ತೇ? ಹೃದಯದ ಎಕೋ ಆಗಿದೆಯೇ, ಕವಾಟದ ಬಗ್ಗೆ ಏನು ಬರೆದಿದ್ದಾರೆ? ಸ್ಟ್ರೆಪ್ ಗಂಟಲು ನೋವಿನ ನಂತರ ಕೀಲು, ಹೃದಯ ಹಿಡಿಯುವ ಕಾಯಿಲೆಗೆ ರುಮ್ಯಾಟಿಕ್ ಜ್ವರ ಎನ್ನುತ್ತಾರೆ. ಅದೇ ಎಂದು ನಿರ್ಧರಿಸಲು ಜೋನ್ಸ್ ಮಾನದಂಡ ಎಂಬುದಿದೆ. ಎಎಸ್‌ಒ ಅದರಲ್ಲಿ ಸಾಕ್ಷಿಯ ಸ್ಥಾನದಲ್ಲಿದೆ, ನ್ಯಾಯಾಧೀಶನ ಸ್ಥಾನದಲ್ಲಿಲ್ಲ. ಬರೀ ಕಾಲು ನೋವು ಮತ್ತು 400 ಇಟ್ಟುಕೊಂಡು ಸೂಜಿ ಶುರುವಾಗಿದ್ದರೆ ಹೃದ್ರೋಗ ತಜ್ಞರ ಹತ್ತಿರ ಮರುಪರಿಶೀಲನೆ ಕೇಳಿ.

ಸಂಶಯಪ್ಪ · ಬೆಳಿಗ್ಗೆ 9:02

ಎಕೋ ಮಾಡಿಸಿಲ್ಲ.

ಮಕ್ಕಳ ವೈದ್ಯೆ · ಬೆಳಿಗ್ಗೆ 9:04

ಮಾಡಿಸಿ. ಅಲ್ಲಿಯವರೆಗೆ ಸೂಜಿ ತಪ್ಪಿಸಬೇಡಿ.

ಘಟಪ್ರಭಾ ತೀರ · ಬೆಳಿಗ್ಗೆ 9:40

ನಮ್ಮ ಅವ್ವನಿಗೂ ಇದೇ ಕಾಯಿಲೆ. 60 ವರ್ಷ, ಬೆಳಿಗ್ಗೆ ಎದ್ದರೆ ಬೆರಳು ಮಡಚಲಾಗುವುದಿಲ್ಲ. ಗಂಟಲಿನ ಸ್ವಾಬ್ ಮಾಡಿಸಿದರೆ ಗೊತ್ತಾಗುತ್ತದೆಯೇ?

ಲ್ಯಾಬ್ ಕಾಕಾ · ಬೆಳಿಗ್ಗೆ 9:55

ಅದು ರುಮಟಾಯ್ಡ್ ಎಂಬ ಬೇರೆ ಕೀಲಿನ ಕಾಯಿಲೆ ಇರಬೇಕು, ತಮ್ಮ. ಹೆಸರು ಕೇಳಲು ಒಂದೇ ಥರ ಇವೆ, ಅಷ್ಟೇ. ಅವ್ವನನ್ನು ಕೀಲಿನ ಡಾಕ್ಟರಿಗೆ ತೋರಿಸು.

ಇಳಕಲ್ ಸುಮಾ · ಮಧ್ಯಾಹ್ನ 1:15

ಓದಿ ಸುಮ್ಮನಿರಲು ಆಗಲಿಲ್ಲ. ನನಗೀಗ 29. ಹನ್ನೊಂದು ವರ್ಷವಿದ್ದಾಗ ಗಂಟಲು ನೋವು ಬಂದು, ಎರಡು ದಿನ ಗುಳಿಗೆ ನುಂಗಿ ಆರಾಮಾಗಿದ್ದೆ. ಆಮೇಲೆ ಮೂರು ವಾರ ಕಳೆದಿರಬೇಕು. ಬಲ ಮೊಣಕಾಲು ಕೆಂಪಗೆ ಊದಿಕೊಂಡಿತು. ಹೊದಿಕೆ ತಾಗಿದರೂ ಚೀರುತ್ತಿದ್ದೆ. ಎಣ್ಣೆ ಹಚ್ಚಿ ತಿಕ್ಕಿದರು. ಎರಡು ದಿನಕ್ಕೆ ಮೊಣಕಾಲು ಇಳಿಯಿತು, ಎಡ ಪಾದದ ಕೀಲು ಊದಿತು. ಅದು ಇಳಿದು ಮಣಿಕಟ್ಟು. ಅಜ್ಜಿ "ಗಾಳಿ ಮೈಯೊಳಗೆ ತಿರುಗುತ್ತಿದೆ" ಎಂದು ದೃಷ್ಟಿ ತೆಗೆದಳು. ಎಲ್ಲ ತಾನಾಗಿಯೇ ಹೋಯಿತು, ನಾವು ಮರೆತೇಬಿಟ್ಟೆವು. ಮುಂದಿನ ವರ್ಷ ಮೆಟ್ಟಿಲು ಹತ್ತಿದರೆ ಏದುಸಿರು. ಎಕೋ ಮಾಡಿದಾಗ ಮೈಟ್ರಲ್ ಕವಾಟ ಸೋರುತ್ತಿದೆ ಎಂದರು.

ಅಲ್ಲಿಂದ ಇವತ್ತಿನವರೆಗೆ, ಸ್ಟ್ರೆಪ್ ಮತ್ತೆ ತಗುಲದಿರಲಿ ಎಂದು 21 ದಿನಕ್ಕೊಂದು ಪೆನಿಸಿಲಿನ್ ಸೂಜಿ, ಒಮ್ಮೆ ಎಡ ಕುಂಡೆಗೆ, ಒಮ್ಮೆ ಬಲಕ್ಕೆ. ಚುಚ್ಚಿದ ಮೇಲೆ ಎರಡು ದಿನ ಮಗ್ಗದ ಗುಂಡಿಯಲ್ಲಿ ಕೂರಲಾಗುವುದಿಲ್ಲ. ಕೆಲವು ದವಾಖಾನೆಗಳಲ್ಲಿ "ರಿಯಾಕ್ಷನ್ ಆದರೆ ಯಾರು ಹೊಣೆ" ಎಂದು ಚುಚ್ಚುವುದೇ ಇಲ್ಲ. ಔಷಧ ನನ್ನ ಚೀಲದಲ್ಲಿ, ಚುಚ್ಚುವವರನ್ನು ಹುಡುಕುತ್ತ ತಿರುಗಿದ್ದೇನೆ. ಖಣದಂಚು ಅಕ್ಕ, ಒಂದು ದಿನದ ಕೂಲಿ ಹೋದರೆ ಹೋಗಲಿ.

ಮುಧೋಳ ಮೇಷ್ಟ್ರು · ಮಧ್ಯಾಹ್ನ 2:20

ಸುಮಾ ಅವರೇ, ಓದಿ ಸಂಕಟವಾಯಿತು. ವೈದ್ಯೆಯವರಲ್ಲಿ ಒಂದು ಪ್ರಶ್ನೆ. ರೋಗಾಣು ಇರುವುದು ಗಂಟಲಿನಲ್ಲಿ. ಅದು ಹೃದಯಕ್ಕೆ ಹೋಗುತ್ತದೆಯೇ? ಹೋಗದಿದ್ದರೆ ಕವಾಟ ಹೇಗೆ ಕೆಡುತ್ತದೆ? ಗಂಟಲಿನ ರೋಗಾಣು ಕೊಂದರೆ ಹೃದಯ ಹೇಗೆ ಉಳಿಯುತ್ತದೆ?

ಮಕ್ಕಳ ವೈದ್ಯೆ · ಮಧ್ಯಾಹ್ನ 3:30

ರೋಗಾಣು ಹೃದಯಕ್ಕೆ ಹೋಗುವುದಿಲ್ಲ. ಅದರ ಮೈಮೇಲೆ ಎಂ ಪ್ರೋಟೀನ್ ಎಂಬುದಿದೆ, ಅದರ ಕೆಲವು ಭಾಗಗಳು ನಮ್ಮ ಹೃದಯದ ಪ್ರೋಟೀನುಗಳಂತೆಯೇ ಇವೆ. ದೂರದಿಂದ ನೋಡಿದರೆ ಅಸಲಿ ಇಳಕಲ್ ಸೀರೆಯ ಅಂಚು, ನಕಲಿ ಸೀರೆಯ ಅಂಚು ಒಂದೇ ಥರ ಕಾಣುವುದಿಲ್ಲವೇ, ಹಾಗೆ. ಸ್ಟ್ರೆಪ್ ವಿರುದ್ಧ ಪಳಗಿದ ನಮ್ಮದೇ ರಕ್ಷಣಾ ಪಡೆ ಆ ಅಂಚು ನೋಡಿ ಮೋಸ ಹೋಗಿ ಕವಾಟದ ಮೇಲೆ ಬೀಳುತ್ತದೆ. ಎಲ್ಲ ಮಕ್ಕಳಲ್ಲಿಯೂ ಹೀಗಾಗುವುದಿಲ್ಲ, ಕೆಲವರ ಮೈಗುಣ ಅದಕ್ಕೆ ಒಲಿಯುತ್ತದೆ. ಖಣದಂಚು ಅವರ ನಾದಿನಿಯ ಕಥೆಯನ್ನು ನಾನು ಹಗುರವಾಗಿ ನೋಡದಿರುವುದು ಅದಕ್ಕೇ.

ಪಡೆ ಪಳಗಲು ಸಮಯ ಬೇಕು, ಅಷ್ಟು ದಿನ ರೋಗಾಣು ಗಂಟಲಿನಲ್ಲಿ ಬೀಡುಬಿಟ್ಟಿರಬೇಕು. ಮೊದಲೇ ಅದನ್ನು ಪೂರ್ತಿ ತೆಗೆದುಹಾಕಿದರೆ ಪಾಠ ಅರ್ಧಕ್ಕೆ ನಿಲ್ಲುತ್ತದೆ. ಜನ ಮೋಸ ಹೋಗುವುದೂ ಇಲ್ಲಿಯೇ. ಔಷಧ ಕೊಡದಿದ್ದರೂ ಸ್ಟ್ರೆಪ್ ಗಂಟಲು ನೋವು ಮೂರ್ನಾಲ್ಕು ದಿನದಲ್ಲಿ ತಾನೇ ಇಳಿಯುತ್ತದೆ. ನೋವು ಹೋಯಿತು ಎಂದರೆ ರೋಗಾಣು ಹೋಯಿತು ಎಂದಲ್ಲ.

ಇದನ್ನು ಲೆಕ್ಕ ಹಾಕಿ ತೋರಿಸಿದ್ದು ಅಮೆರಿಕದ ವಯೋಮಿಂಗ್‌ನ ಒಂದು ವಾಯುಪಡೆ ನೆಲೆಯಲ್ಲಿ, 1949ರ ಸುಮಾರಿಗೆ. ಬ್ಯಾರಕ್ಕುಗಳಲ್ಲಿ ಒತ್ತೊತ್ತಾಗಿ ಮಲಗುವ ಯುವಕರು, ಸ್ಟ್ರೆಪ್ ಹಾವಳಿ. ಸುಮಾರು 800 ಜನರಿಗೆ ಪೆನಿಸಿಲಿನ್ ಸೂಜಿ ಕೊಟ್ಟರು, ಇನ್ನು ಸುಮಾರು 800 ಜನರಿಗೆ ಕೊಡಲಿಲ್ಲ. ಕೊಡದವರಲ್ಲಿ 17 ಮಂದಿಗೆ ರುಮ್ಯಾಟಿಕ್ ಜ್ವರ, ಕೊಟ್ಟವರಲ್ಲಿ ಇಬ್ಬರಿಗೆ. ನಂತರ ಒಂಬತ್ತನೆಯ ದಿನಕ್ಕೆ ಚಿಕಿತ್ಸೆ ತೊಡಗಿದರೂ ತಡೆಯಬಹುದು ಎಂದು ಕಂಡುಕೊಂಡರು. ಸ್ವಾಬ್ ಫಲಿತಾಂಶಕ್ಕೆ ಎರಡು ದಿನ ಕಾಯಿರಿ ಎಂದು ಧೈರ್ಯವಾಗಿ ಹೇಳುವುದು ಆ ಒಂಬತ್ತು ದಿನದ ಬಲದಿಂದಲೇ.

ನವನಗರ ಮೆಡಿಕಲ್ · ಸಂಜೆ 4:45

ಡಾಕ್ಟರ್ ಮೇಡಂ, ಪುಸ್ತಕದ ಮಾತು ಒಪ್ಪುತ್ತೇನೆ. ಆದರೆ ನನ್ನ ಕೌಂಟರಿನ ಮುಂದೆ ನಿಲ್ಲುವವರನ್ನು ನೀವು ನೋಡಬೇಕು. ಕಬ್ಬು ಕಡಿಯಲು ಬಂದ ಗ್ಯಾಂಗಿನ ತಾಯಿ, ಸೊಂಟದ ಮೇಲೆ ಜ್ವರದ ಮಗು. ಎರಡು ದಿನ ಬಿಟ್ಟು ಬಾ ಎಂದರೆ ಆಕೆ ಬೇರೆ ತಾಲೂಕಿನಲ್ಲಿರುತ್ತಾಳೆ. ಸ್ವಾಬ್ ತೆಗೆಯುವ ಲ್ಯಾಬ್ ಎಷ್ಟು ಊರಿನಲ್ಲಿದೆ? ಅರ್ಧದಷ್ಟು ಸಂಭವ ಎಂದರೆ ನನಗೆ ಕಡಿಮೆ ಎನಿಸುವುದಿಲ್ಲ.

ಮಕ್ಕಳ ವೈದ್ಯೆ · ಸಂಜೆ 5:30

ಈ ವಾದಕ್ಕೆ ನನ್ನಲ್ಲಿ ಸುಲಭದ ಉತ್ತರವಿಲ್ಲ. ಪರೀಕ್ಷೆ ಸಿಗದ ಕಡೆ, ಅಂಕ ಹೆಚ್ಚಿರುವ ಶಾಲಾ ವಯಸ್ಸಿನ ಮಗುವಿಗೆ ನಾನೂ ನೇರ ಚಿಕಿತ್ಸೆ ಕೊಟ್ಟಿದ್ದೇನೆ. ಮರಳಿ ಬರುವ ಖಾತ್ರಿ ಇಲ್ಲದವರಿಗೆ ಸುಮಾ ಹಾಕಿಸಿಕೊಳ್ಳುವ ಬೆಂಜಥೀನ್ ಪೆನಿಸಿಲಿನ್ನೇ ಒಂದು ಸಲ ಕೊಟ್ಟರೆ ಸಾಕು, 27 ಕೆ.ಜಿ.ಗಿಂತ ಕಡಿಮೆ ಇದ್ದರೆ 6 ಲಕ್ಷ ಯೂನಿಟ್, ಹೆಚ್ಚಿದ್ದರೆ 12 ಲಕ್ಷ. ಆದರೆ ಅದನ್ನು ವೈದ್ಯರು ಅಲರ್ಜಿ ವಿಚಾರಿಸಿ, ರಿಯಾಕ್ಷನ್ ಎದುರಿಸುವ ಸಿದ್ಧತೆ ಇಟ್ಟುಕೊಂಡು ಕೊಡಬೇಕು. ಕೌಂಟರಿನ ಕೆಲಸವಲ್ಲ.

ನನ್ನ ಜಗಳ ಆ ಮೂರು ದಿನದ ಅಜಿಥ್ರೋಮೈಸಿನ್ ಜೊತೆ. ಪೆನಿಸಿಲಿನ್‌ಗೆ ಬಗ್ಗದ ಈ ಸ್ಟ್ರೆಪ್ ಇವತ್ತಿನವರೆಗೆ ರೋಗಿಗಳಲ್ಲಿ ಕಂಡಿಲ್ಲ. ಅಜಿಥ್ರೋಮೈಸಿನ್‌ಗೆ ಬಗ್ಗದವು ಬೇಕಾದಷ್ಟಿವೆ. ಅದು ಪೆನಿಸಿಲಿನ್ ಒಗ್ಗದವರಿಗೆ ಮೀಸಲಿಟ್ಟ ಔಷಧ, ಕೊಟ್ಟರೂ ಐದು ದಿನ ಕೊಡಬೇಕು. ಮೇಷ್ಟ್ರಂಥ ಮೈನಸ್ ಒಂದಕ್ಕೂ ಅದನ್ನೇ ಕೊಡುತ್ತ ಹೋದರೆ ಮುಂದೆ ಬೇಕಾದವರಿಗೆ ಕೆಲಸ ಮಾಡುವುದಿಲ್ಲ.

ನವನಗರ ಮೆಡಿಕಲ್ · ಸಂಜೆ 5:41

ಮೇಷ್ಟ್ರಿಗೆ ಕೊಟ್ಟದ್ದು ನಾನಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಖಣದಂಚು · ರಾತ್ರಿ 8:30

ಹೋಗಿ ಬಂದೆವು. ಲ್ಯಾಬ್ ಕಾಕಾ ಹೇಳಿದಂತೆಯೇ ಹಿಡಿದುಕೊಂಡೆ. ಓಕರಿಸಿ ನನ್ನ ಸೀರೆಯ ಮೇಲೆಯೇ ಮಾಡಿಕೊಂಡಳು, ಹಾಗಾಗಿ ಸ್ವಾಬ್ ಚೆನ್ನಾಗಿಯೇ ಆಗಿರಬೇಕು! ರ‍್ಯಾಪಿಡ್ ಕಿಟ್‌ನಲ್ಲಿ ನೆಗೆಟಿವ್. ಅಲ್ಲಿನ ಡಾಕ್ಟರು "ಕಲ್ಚರ್ ಬರುವವರೆಗೆ ಕಾಯಿರಿ, ಗುರುವಾರ ಫೋನ್ ಮಾಡಿ" ಎಂದರು. ನೆಗೆಟಿವ್ ಬಂದ ಮೇಲೂ ಕಾಯುವುದೇಕೆ?

ಸಂಶಯಪ್ಪ · ರಾತ್ರಿ 8:34

ನಾನು ಹೇಳಿರಲಿಲ್ಲವೇ? ಒಂದರ ಜಾಗದಲ್ಲಿ ಎರಡು ಬಿಲ್.

ಲ್ಯಾಬ್ ಕಾಕಾ · ರಾತ್ರಿ 8:58

ರ‍್ಯಾಪಿಡ್ ಕಿಟ್ ಪಾಸಿಟಿವ್ ಎಂದರೆ ಸಾಮಾನ್ಯವಾಗಿ ನಂಬಬಹುದು. ನೆಗೆಟಿವ್ ಅಷ್ಟು ನಂಬಿಗಸ್ಥ ಅಲ್ಲ. ಸ್ಟ್ರೆಪ್ ಇರುವ ನೂರು ಮಕ್ಕಳಲ್ಲಿ ಹದಿನೈದರಷ್ಟನ್ನು ಅದು ಕೈಬಿಡುತ್ತದೆ. ದೊಡ್ಡವರಾದರೆ ಅಷ್ಟಕ್ಕೇ ಬಿಡುತ್ತಾರೆ, ಅವರಿಗೆ ರುಮ್ಯಾಟಿಕ್ ಜ್ವರ ಅಪರೂಪ. ಶಾಲೆಯ ಮಕ್ಕಳಿಗೆ ಕಲ್ಚರ್ ಮಾಡಿಯೇ ತೀರಬೇಕು.

ಖಣದಂಚು · ಗುರುವಾರ, ಸಂಜೆ 6:10

ಕಲ್ಚರ್ ಪಾಸಿಟಿವ್! ಎ ಗುಂಪಿನ ಸ್ಟ್ರೆಪ್ಟೋಕಾಕಸ್ ಎಂದು ಬರೆದಿದ್ದಾರೆ. ತಮಾಷೆ ಎಂದರೆ ನಿನ್ನೆಯಿಂದ ಜ್ವರವೇ ಇಲ್ಲ, ಬೆಳಿಗ್ಗೆ ಎರಡು ರೊಟ್ಟಿ ತಿಂದಳು. ಲ್ಯಾಬಿನಿಂದ ಫೋನ್ ಬಂದಾಗ ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಳು. ಅಮಾಕ್ಸಿಸಿಲಿನ್ 500 ಮಿ.ಗ್ರಾಂ., ಬೆಳಿಗ್ಗೆ ಸಂಜೆ, ಹತ್ತು ದಿನ ಬರೆದಿದ್ದಾರೆ. ಆಡುವ ಮಗುವಿಗೆ ಹತ್ತು ದಿನ ಔಷಧ ಎಂದರೆ ಮನೆಯವರು ನಗುತ್ತಿದ್ದಾರೆ.

ಮಕ್ಕಳ ವೈದ್ಯೆ · ಸಂಜೆ 6:45

ನಗಲಿ, ನೀವು ಕೊಡಿ. ಶನಿವಾರದಿಂದ ಎಣಿಸಿದರೆ ಇವತ್ತು ಆರನೆಯ ದಿನ, ಒಂಬತ್ತರ ಒಳಗೇ ಇದ್ದೀರಿ. ಕೆ.ಜಿ.ಗೆ 50 ಮಿ.ಗ್ರಾಂ. ಎಂದರೆ 22 ಕೆ.ಜಿ.ಗೆ 1100 ಆಗುತ್ತದೆ, ಆದರೆ ದಿನಕ್ಕೆ 1000 ಗರಿಷ್ಠ ಮಿತಿ. ಬರೆದದ್ದು ಸರಿಯಾಗಿದೆ. ಒಂದು ದಿನ ಔಷಧ ಹೊಟ್ಟೆಗೆ ಹೋದ ಮೇಲೆ ಶಾಲೆಗೆ ಕಳಿಸಬಹುದು.

ಬಾದಾಮಿ ಬಸವ · ಸಂಜೆ 7:20

ಈಗ ಐದು ದಿನ ಸಾಕು ಎನ್ನುತ್ತಾರಲ್ಲ? ಸ್ವೀಡನ್‌ನಲ್ಲಿ ಹಾಗೆ ಮಾಡಿದ್ದಾರೆ ಎಂದು ಎಲ್ಲಿಯೋ ಓದಿದ್ದೆ.

ಮಕ್ಕಳ ವೈದ್ಯೆ · ಸಂಜೆ 7:50

ಐಸ್‌ಕ್ಯಾಂಡಿಯಿಂದ ಸ್ವೀಡನ್‌ಗೆ ಒಳ್ಳೆಯ ಪ್ರಗತಿ. ನೀವು ಓದಿದ್ದು ನಿಜ, 2019ರ ಅಧ್ಯಯನ. ಪೆನಿಸಿಲಿನ್ ವಿ ಗುಳಿಗೆಯನ್ನು ದಿನಕ್ಕೆ ನಾಲ್ಕು ಸಲ ಐದು ದಿನ ಕೊಟ್ಟವರೂ, ಮೂರು ಸಲ ಹತ್ತು ದಿನ ಕೊಟ್ಟವರೂ ಹೆಚ್ಚುಕಡಿಮೆ ಸಮಾನವಾಗಿ ಗುಣವಾದರು. ಆದರೆ ಗಂಟಲಿನಿಂದ ರೋಗಾಣು ಪೂರ್ತಿ ಹೋದದ್ದು ಐದು ದಿನದವರಲ್ಲಿ ಸುಮಾರು ನೂರಕ್ಕೆ 80, ಹತ್ತು ದಿನದವರಲ್ಲಿ ಸುಮಾರು 90. ರುಮ್ಯಾಟಿಕ್ ಜ್ವರವೇ ಅಪರೂಪವಾದ ದೇಶಕ್ಕೆ ಆ ಹತ್ತರ ವ್ಯತ್ಯಾಸ ದೊಡ್ಡದಲ್ಲ. ನಾದಿನಿಗೆ ಕವಾಟ ಬದಲಿಸಿದ ಮನೆಯಲ್ಲಿ ನಾನು ಆ ಜೂಜು ಆಡುವುದಿಲ್ಲ. ನಮ್ಮ ಕಡೆ ಎಷ್ಟು ದಿನ ಸಾಕು ಎಂಬ ವಾದ ವೈದ್ಯರಲ್ಲಿಯೂ ಮುಗಿದಿಲ್ಲ.

ಖಣದಂಚು · ರಾತ್ರಿ 8:40

ಒಂದು ಗೊಂದಲ. ಅಂಗಡಿಯಲ್ಲಿ ಪುಡಿ ಇರುವ ಬಾಟಲಿ ಕೊಟ್ಟರು, 60 ಮಿ.ಲೀ. ನೀರು ಬೆರೆಸಿ ಕೊಡಬೇಕಂತೆ. "ಬಾಟಲಿ ಮುಗಿಸಿ, ಕೋರ್ಸ್ ಆಯಿತು" ಎಂದರು.

ನವನಗರ ಮೆಡಿಕಲ್ · ರಾತ್ರಿ 8:52

ಅಕ್ಕ, ಈ ತಪ್ಪು ನಮ್ಮ ಅಂಗಡಿಗಳಲ್ಲಿ ದಿನಾ ಆಗುತ್ತದೆ, ಒಪ್ಪಿಕೊಳ್ಳುತ್ತೇನೆ. ಬಾಟಲಿಯ ಮೇಲೆ 5 ಮಿ.ಲೀ.ಗೆ 250 ಎಂದಿದೆಯೇ ನೋಡಿ. ಇದ್ದರೆ ದಿನಕ್ಕೆ 20 ಮಿ.ಲೀ. ಆಯಿತು. 60 ಮಿ.ಲೀ. ಮೂರು ದಿನಕ್ಕೆ ಖಾಲಿ. ಹತ್ತು ದಿನಕ್ಕೆ ನಾಲ್ಕು ಬಾಟಲಿ ಬೇಕು. 125 ಎಂದಿದ್ದರೆ ಏಳು. ಎಲ್ಲವನ್ನೂ ಒಟ್ಟಿಗೆ ಕಲಸಿಡಬೇಡಿ, ಕಲಸಿದ್ದು ವಾರಕ್ಕಿಂತ ಹೆಚ್ಚು ಇರುವುದಿಲ್ಲ. ಒಡೆಯದ ಬಾಟಲಿ ವಾಪಸ್ ಕೊಟ್ಟು, ನೀರಿನಲ್ಲಿ ಕರಗುವ 250ರ ಗುಳಿಗೆ ಕೇಳಿ. ಬೆಳಿಗ್ಗೆ ಎರಡು, ಸಂಜೆ ಎರಡು, ಒಟ್ಟು 40. ನಿಂತು ಎಣಿಸಿಕೊಳ್ಳಿ.

ಖಣದಂಚು · ಶುಕ್ರವಾರ, ಬೆಳಿಗ್ಗೆ 7:15

ರಾತ್ರಿಯೇ ಬದಲಿಸಿಕೊಂಡು ಬಂದು ಮೊದಲ ಎರಡು ಕೊಟ್ಟೆ. 30 ಕೊಟ್ಟು ಕೈ ತೊಳೆಯುವವರಿದ್ದರು, ಎಣಿಸಿ ಇನ್ನೊಂದು ಪಟ್ಟಿ ತೆಗೆದುಕೊಂಡೆ. ಕ್ಯಾಲೆಂಡರಿನ ಮೇಲೆ ಮುಂದಿನ ಭಾನುವಾರ ಬೆಳಿಗ್ಗೆಯವರೆಗೆ ಗೆರೆ ಎಳೆದಿದ್ದೇನೆ. ಅತ್ತೆಯವರು ಪ್ರತಿ ಗುಳಿಗೆಗೂ ಕುಂಕುಮದ ಬೊಟ್ಟು ಇಡುತ್ತಿದ್ದಾರೆ. ಅವಳ ತಮ್ಮನೂ ಅದೇ ಚಾಪೆಯ ಮೇಲೆ ಮಲಗುತ್ತಾನೆ, ಐದು ವರ್ಷ. ಅವನಿಗೂ ಸ್ವಾಬ್ ಮಾಡಿಸಲೇ?

ಮಕ್ಕಳ ವೈದ್ಯೆ · ಬೆಳಿಗ್ಗೆ 7:40

ಗಂಟಲು ನೋವು, ಜ್ವರ ಇಲ್ಲದಿದ್ದರೆ ಬೇಡ. ಶಾಲೆಯ ಮಕ್ಕಳಲ್ಲಿ ಹತ್ತರಲ್ಲಿ ಒಬ್ಬರ ಗಂಟಲಿನಲ್ಲಿ ಸ್ಟ್ರೆಪ್ ಸುಮ್ಮನೆ ಕುಳಿತಿರುತ್ತದೆ, ತೊಂದರೆ ಕೊಡುವುದಿಲ್ಲ. ಹುಡುಕಿದರೆ ಸಿಗುತ್ತದೆ, ಸಿಕ್ಕರೆ ಔಷಧ ಕೊಡುವ ಆಸೆಯಾಗುತ್ತದೆ. ಅವನಿಗೆ ಜ್ವರ ಬಂದ ದಿನ ನೋಡೋಣ.

ಸಂಶಯಪ್ಪ · ಬೆಳಿಗ್ಗೆ 8:05

ನಿಲ್ಲಿ, ಇದು ನನಗೆ ಬಗೆಹರಿಯುತ್ತಿಲ್ಲ. ಸುಮ್ಮನೆ ಕುಳಿತ ಸ್ಟ್ರೆಪ್ ಇರುವ ಮಗುವಿಗೆ ವೈರಸ್‌ನಿಂದ ಗಂಟಲು ನೋವು ಬಂದರೆ? ಸ್ವಾಬ್ ಪಾಸಿಟಿವ್ ಬರುತ್ತದೆ, ಹತ್ತು ದಿನ ಔಷಧ ದಂಡ. ಹಾಗಾದರೆ ಈ ಹುಡುಗಿಗೂ ಹಾಗೆಯೇ ಆಗಿರಬಹುದಲ್ಲವೇ?

ಮಕ್ಕಳ ವೈದ್ಯೆ · ಬೆಳಿಗ್ಗೆ 8:20

ಆಗಿರಬಹುದು. ಸ್ವಾಬ್ ಅವೆರಡನ್ನು ಬೇರ್ಪಡಿಸುವುದಿಲ್ಲ. ಅಂಕ ಕಡಿಮೆ ಇದ್ದವರಿಗೆ ಸ್ವಾಬ್ ಮಾಡಬೇಡಿ ಎನ್ನುವುದು ಇದೇ ಕಾರಣಕ್ಕೆ, ಅಲ್ಲಿ ಸಿಗುವ ಪಾಸಿಟಿವ್‌ಗಳಲ್ಲಿ ಇಂಥವೇ ಹೆಚ್ಚು. ನಾಲ್ಕೈದು ಅಂಕ ಇದ್ದಾಗ ನಾನು ನಿಜವೆಂದೇ ಹಿಡಿಯುತ್ತೇನೆ. ಎಕೋ ಯಾವಾಗ?

ಸಂಶಯಪ್ಪ · ಬೆಳಿಗ್ಗೆ 8:26

ಸೋಮವಾರಕ್ಕೆ ಹೆಸರು ಬರೆಸಿದ್ದೇನೆ.

ಇಳಕಲ್ ಸುಮಾ · ಬೆಳಿಗ್ಗೆ 9:10

ಖಣದಂಚು ಅಕ್ಕ, ಇನ್ನೊಂದು ಮಾತು, ಯಾರೂ ಹೇಳಲಿಲ್ಲ. ನನ್ನ ಜೊತೆ ಸೂಜಿಗೆ ಬರುವ ಹುಡುಗಿಗೆ ಗಂಟಲು ನೋವು ಬಂದ ನೆನಪೇ ಇಲ್ಲವಂತೆ, ನೇರವಾಗಿ ಕೀಲು ಬಾವು. ಅಂಥವರು ಬಹಳ ಇದ್ದಾರೆ ಎಂದು ನಮ್ಮ ಡಾಕ್ಟರೂ ಹೇಳುತ್ತಾರೆ. ತಮ್ಮನ ಮೊಣಕಾಲು ಎಂದಾದರೂ ಏಟು ಬೀಳದೆಯೇ ಊದಿದರೆ ಎಣ್ಣೆ ತಿಕ್ಕುತ್ತ ಕೂರಬೇಡಿ.

ಖಣದಂಚು · ಬೆಳಿಗ್ಗೆ 9:30

ಅತ್ತೆಯವರಿಗೆ ಓದಿ ಹೇಳಿದೆ. ಎಣ್ಣೆಯ ಬಾಟಲಿ ಎತ್ತಿ ಅಟ್ಟದ ಮೇಲಿಟ್ಟರು. ಮಗಳು ಕರದಂಟಿನ ಡಬ್ಬಿಗೆ ಸ್ಟೂಲ್ ಹಾಕುತ್ತಿದ್ದಾಳೆ, ಬಂದೆ.